ಕೇಳಲಾರದವರ ಪಾಲು

ನನಗೆ ಮೂಗಿನ ತುದಿಯಲ್ಲೇ ಕೋಪ. ಈಗ ವಯಸ್ಸಾಗಿ ಸ್ವಲ್ಪ ಇಳಿದಿದೆ ಎಂದು ಮನೆಯವರು ಹೇಳುತ್ತಾರೆ, ನನ್ನ ಎದುರಿಗೆ ಮಾತ್ರ ಹೇಳುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ, ಹಲಸೂರಿನ ಬಜಾರು ಬೀದಿಯಲ್ಲಿ ಒಬ್ಬ ಹಿರಿಯ ವಕೀಲರ ಹತ್ತಿರ ಜೂನಿಯರ್ ಆಗಿ ಸೇರಿದಾಗಲಂತೂ ನಾನು ಬರೆದದ್ದನ್ನು ಯಾರಾದರೂ ಹೊಡೆದುಹಾಕಿದರೆ ಆ ದಿನ ಊಟ ಸೇರುತ್ತಿರಲಿಲ್ಲ. ನಮ್ಮ ಸೀನಿಯರ್ ಪಾಪ, ದಿನಾ ಹೊಡೆದುಹಾಕುತ್ತಿದ್ದರು.

ಅವರ ಆಫೀಸು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಡಿದಾದ ಮರದ ಮೆಟ್ಟಿಲು, ಎರಡು ಮೇಜು, ಒಂದು ಟೈಪ್‌ರೈಟರು, ಗೋಡೆ ತುಂಬ ತೀರ್ಪುಗಳ ದಪ್ಪ ಪುಸ್ತಕಗಳು. ಕಕ್ಷಿದಾರರು ಬಂದರೆ ಅವರು ಮೊದಲು ಕೇಳುತ್ತಿದ್ದದ್ದು "ಕಾಫಿನಾ ಟೀನಾ" ಎಂದು, ಎರಡನೆಯದು "ಮನೇಲಿ ಇನ್ನೂ ಮಾತಾಡ್ತಾ ಇದೀರಾ" ಎಂದು. ಮಾತಾಡುತ್ತಿದ್ದೇವೆ ಎಂದರೆ ಅವರ ಮುಖ ಅರಳುತ್ತಿತ್ತು. ವಕೀಲರಿಗೆ ಇದು ತಕ್ಕ ಗುಣವಲ್ಲ ಎಂದು ನಾನು ಆಗ ಅಂದುಕೊಂಡಿದ್ದೆ.

ಆ ವರ್ಷ ನಮ್ಮ ಮೆಟ್ಟಿಲು ಹತ್ತಿ ಬಂದವರು ನನಗೆ ಬಾಲ್ಯದಿಂದ ಗೊತ್ತಿದ್ದವರು. ನಮ್ಮ ಬೀದಿಯ ಹಿಟ್ಟಿನ ಮಿಲ್ಲಿನ ಮನೆಯವರು. ರಾಗಿ ಡಬ್ಬ ಹೊತ್ತು ಆ ಮಿಲ್ಲಿಗೆ ಹೋಗಿ ನಿಂತೇ ನಾನು ದೊಡ್ಡವಳಾದದ್ದು. ಮಿಲ್ಲು ಮನೆಯ ಮುಂಭಾಗದಲ್ಲಿತ್ತು. ಅದನ್ನು ನಡೆಸುತ್ತಿದ್ದವರನ್ನು ಇಡೀ ಬೀದಿ ಮಿಲ್ಲಿನಣ್ಣ ಎನ್ನುತ್ತಿತ್ತು. ಹುಬ್ಬು, ರೆಪ್ಪೆ, ಕಿವಿಯ ಕೂದಲು, ಎಲ್ಲ ಬೆಳ್ಳಗೆ ಹಿಟ್ಟು. ಸಾಲು ತಪ್ಪಿಸಿ ಯಾರಾದರೂ ಮುಂದೆ ನುಗ್ಗಿದರೆ ನಾವು ಜಗಳಕ್ಕೆ ನಿಲ್ಲುತ್ತಿದ್ದೆವು, ಅವರು ಮಾತ್ರ "ಆಯ್ತು ಬಿಡಿ" ಎನ್ನುತ್ತಿದ್ದರು. ಅವರ ಬಾಯಲ್ಲಿ ನಾನು ಹೆಚ್ಚು ಕೇಳಿದ ಮಾತೇ ಅದು.

ಬಂದವರು ನಾಲ್ಕು ಜನ. ಮಿಲ್ಲಿನಣ್ಣ, ಅವರ ತಮ್ಮ, ಅವರ ತಂಗಿ, ಮತ್ತು ತಾಯಿ. ತಮ್ಮ ಒಂದು ಕಾರ್ಖಾನೆಯಲ್ಲಿ ಫಿಟ್ಟರು, ಗಟ್ಟಿ ದನಿಯ ಮನುಷ್ಯ. ತಂಗಿಯನ್ನು ಕೆ.ಆರ್. ಪುರಕ್ಕೆ ಕೊಟ್ಟಿದ್ದರು. ತಂದೆ ತೀರಿಕೊಂಡು ವರ್ಷ ಆಗಿತ್ತು, ವಿಲ್ ಬರೆದಿರಲಿಲ್ಲ. ಅವರು ತಾವೇ ದುಡಿದು ಮಾಡಿದ್ದು ಹಲಸೂರಿನ ಈ ಮನೆ, ಮಿಲ್ಲು ಮತ್ತು ಕೆ.ಆರ್. ಪುರದಲ್ಲಿ ಒಂದು ಸೈಟು. ಖಾತೆ ಬದಲಾಯಿಸಲು ತಮ್ಮ ವಂಶವೃಕ್ಷ ಬರೆದು ಕೊಟ್ಟಿದ್ದರು. ಅಪ್ಪನ ಹೆಸರಿನ ಕೆಳಗೆ ಮೂರು ಗೆರೆ, ಮೂರು ಹೆಸರು. ಮೊದಲ ಹೆಸರಿನ ಮುಂದೆ ಖಾತೆ ಕಚೇರಿಯ ಗುಮಾಸ್ತ ಪೆನ್ಸಿಲ್ಲಿನಲ್ಲಿ ಪ್ರಶ್ನೆ ಗುರುತು ಹಾಕಿ ವಾಪಸ್ಸು ಕಳಿಸಿದ್ದ.

"ಇವ್ರು ಸ್ವಂತ ಮಗ ಅಲ್ವಂತಲ್ಲ, ಪ್ರೂಫ್ ತನ್ನಿ ಅಂದ್ರು ಸಾರ್," ಎಂದರು ತಮ್ಮ. "ಏನು ಪ್ರೂಫ್ ತರೋದು? ನಾನು ಹುಟ್ಟೋಕೆ ಮುಂಚೆಯಿಂದ ಮನೇಲಿದಾನೆ ಇವ್ನು."

ಬೀದಿಗೆಲ್ಲ ಗೊತ್ತಿದ್ದ ಸಂಗತಿ ಇದು. ಮಿಲ್ಲಿನಣ್ಣ ತೀರಿಹೋದ ಯಜಮಾನರ ಅಕ್ಕನ ಮಗ. ಹೆತ್ತ ತಾಯಿ ಬಾಣಂತನದ ಕಾಯಿಲೆಯಲ್ಲೇ ಹೋಗಿದ್ದರು. ಎರಡು ವರ್ಷದ ಮಗುವಾಗಿದ್ದಾಗ ಇವರ ಮನೆಗೆ ಬಂದ. ಆಗ ಇವರಿಗೆ ಮದುವೆಯಾಗಿ ಆರು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಅವನು ಬಂದ ಮೇಲೆ ಒಂದು ಗಂಡು, ಒಂದು ಹೆಣ್ಣು. ಅವನ ಕಾಲ್ಗುಣ ಎಂದು ಯಜಮಾನರು ಸಾಯುವತನಕ ಹೇಳಿಕೊಂಡು ತಿರುಗಿದರು.

ನಮ್ಮ ಸೀನಿಯರ್ ತಾಯಿಯ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಅಮ್ಮಾ, ಇವ್ರನ್ನ ದತ್ತು ತಗೊಂಡ್ರಾ, ಇಲ್ಲಾ ಸಾಕಿದ್ರಾ?"

ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮಗ," ಎಂದರು.

"ಹೇಗೆ ಬಂದ್ರು ನಿಮ್ಮ ಮನೆಗೆ, ಅದನ್ನ ಹೇಳಿ."

"ನಮ್ಮತ್ತೆ ತಂದು ನನ್ನ ಮಡಿಲಿಗೆ ಹಾಕಿದ್ರು. ಕಾಯಿ, ಬೆಲ್ಲ, ಒಂದು ರವಿಕೆ ಬಟ್ಟೆ. ಅಷ್ಟೇ. ಆಗೆಲ್ಲಿ ಪತ್ರ ಗಿತ್ರ."

"ಮಗೂನ ಅಪ್ಪ ಅಲ್ಲಿದ್ರಾ?"

ಆಕೆ ಸೆರಗಿನ ಅಂಚನ್ನು ನೋಡಿಕೊಂಡರು. "ಇದ್ದ. ಬಾಗ್ಲಲ್ಲಿ ನಿಂತಿದ್ದ. ಒಳಗೆ ಬಾರಪ್ಪ ಅಂದ್ರೂ ಬರ್ಲಿಲ್ಲ. ಆ ಕಡೆ ಮುಖ ಮಾಡ್ಕೊಂಡಿದ್ದ. ಆಮೇಲೆ ಕೋಲಾರದ ಕಡೆ ಹೋದ, ಇನ್ನೊಂದು ಮದುವೆ ಆದ ಅಂದ್ರು. ತಿರುಗಿ ನೋಡ್ಲಿಲ್ಲ. ಕೊಟ್ಟ ಅನ್ಬೇಕೋ ಬಿಟ್ಟು ಹೋದ ಅನ್ಬೇಕೋ, ನನಗೆ ಗೊತ್ತಿಲ್ಲ ಸಾರ್."

ಮಿಲ್ಲಿನಣ್ಣ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಕೂತಿದ್ದರು. ಮೂವತ್ತೆಂಟು ವರ್ಷದ ಮನುಷ್ಯ, ಹೆಂಡತಿ ಮಗಳು ಇರುವವರು, ತಮ್ಮ ಬಗ್ಗೆಯೇ ನಡೆಯುತ್ತಿದ್ದ ಮಾತನ್ನು ಬೇರೆ ಯಾರದೋ ಎನ್ನುವ ಹಾಗೆ ಕೇಳುತ್ತಿದ್ದರು.

ಸೀನಿಯರ್ ಅವರಿಗೆ ಬಿಡಿಸಿ ಹೇಳಿದರು. ದತ್ತು ಎಂದರೆ ಹೆತ್ತವರು ಕೊಡಬೇಕು, ತೆಗೆದುಕೊಳ್ಳುವವರು ತೆಗೆದುಕೊಳ್ಳಬೇಕು. ತಾಯಿ ಇಲ್ಲದಿದ್ದರೆ ತಂದೆ ಕೊಡಬೇಕು. ಅಜ್ಜಿ ಮಡಿಲಿಗೆ ಹಾಕಿದರೆ ಕಾನೂನಿಗೆ ಸಾಲದು. ಬಾಗಿಲಲ್ಲಿ ನಿಂತಿದ್ದ ಅಪ್ಪ ಅದಕ್ಕೆ ಒಪ್ಪಿ ನಿಂತಿದ್ದನೇ, ಸುಮ್ಮನೆ ನಿಂತಿದ್ದನೇ ಎಂದು ಕೋರ್ಟಿನಲ್ಲಿ ಹತ್ತು ವರ್ಷ ವಾದ ಮಾಡಬಹುದು. ದತ್ತು ಎಂದಾದರೆ ಇವರೂ ಉಳಿದ ಮೂವರ ಹಾಗೆ ಸಮ ಪಾಲಿನ ವಾರಸುದಾರರು. ಇಲ್ಲವೆಂದಾದರೆ ಏನೂ ಇಲ್ಲ, ನಾಳೆ ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಇವರನ್ನು ಮಿಲ್ಲಿನಿಂದ ಎಬ್ಬಿಸಬಹುದು.

"ನಾವು ಎಬ್ಬಿಸ್ತೀವಾ ಸಾರ್?" ಎಂದು ತಂಗಿ ಕೇಳಿದಳು.

"ನೀವು ಎಬ್ಬಿಸಲ್ಲಮ್ಮ. ನೀವು ಎಷ್ಟು ವರ್ಷ ಇರ್ತೀರಿ?"

ಆಮೇಲೆ ಅವರು ತಮ್ಮ ಇಷ್ಟದ ವಿಷಯಕ್ಕೆ ಬಂದರು. ಕುಟುಂಬದೊಳಗೆ ಕೂತು ಮಾಡಿಕೊಂಡ ಒಪ್ಪಂದವನ್ನು ಕೋರ್ಟುಗಳು ಯಾಕೆ ಅಷ್ಟು ಗೌರವದಿಂದ ಕಾಣುತ್ತವೆ ಎನ್ನುವುದು. "ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ ಅಂತಾರಲ್ಲ, ಅದು ಜಡ್ಜುಗಳಿಗೂ ಗೊತ್ತು. ಮನೆಯವ್ರು ಮನೆ ನೆಮ್ಮದಿಗೋಸ್ಕರ ಪ್ರಾಮಾಣಿಕವಾಗಿ ಒಂದು ತೀರ್ಮಾನಕ್ಕೆ ಬಂದಿದ್ರೆ, ಯಾರನ್ನೂ ಹೆದರಿಸಿಲ್ಲ, ಮೋಸ ಮಾಡಿಲ್ಲ, ಯಾವ ವಾರಸುದಾರರನ್ನೂ ಕೈ ಬಿಟ್ಟಿಲ್ಲ ಅಂದ್ರೆ, ಸಣ್ಣ ಪುಟ್ಟ ತಾಂತ್ರಿಕ ತಪ್ಪು ಹುಡುಕಿ ಅದನ್ನ ಒಡೆಯೋಕೆ ಅವ್ರು ಇಷ್ಟಪಡಲ್ಲ. ಪಾಲು ತಗೊಂಡೋರ ಹಕ್ಕು ಪೂರ್ತಿ ಸಾಬೀತಾಗಿರ್ಬೇಕು ಅಂತಾನೂ ಇಲ್ಲ. ಇದೆಯೋ ಇಲ್ವೋ ಅನ್ನೋ ಅನುಮಾನದ ಹಕ್ಕಾದ್ರೂ ಸರಿ, ಅದನ್ನ ಉಳಿದೋರು ಒಪ್ಕೊಂಡ್ರೆ ಸಾಕು. ಮೊದಲಿಂದ ಇದ್ದ ಹಕ್ಕನ್ನೇ ಒಪ್ಕೊಂಡ್ರು ಅಂತ ಲೆಕ್ಕ. ಒಪ್ಕೊಂಡು, ಅದರ ಲಾಭ ತಗೊಂಡು, ಆಮೇಲೆ ಇಲ್ಲ ಅನ್ನೋಕೆ ಬಿಡಲ್ಲ."

"ಹಾಗಾದ್ರೆ ಇವತ್ತೇ ಪಾಲುಪಟ್ಟಿ ಬರ್ಕೊಡಿ," ಎಂದರು ತಮ್ಮ.

"ಇವತ್ತು ಆಗಲ್ಲ. ಮೊದಲು ಮನೇಲಿ ಕೂತು, ಬಾಯಲ್ಲಿ ಮಾತಾಡಿ, ನಿಜವಾಗಿ ಭಾಗ ಮಾಡ್ಕೊಳಿ. ಅವರವರ ಜಾಗಕ್ಕೆ ಅವರವರು ಹೋಗಿ. ಆಮೇಲೆ ಬನ್ನಿ. ಹೀಗೆ ಆಗಿಹೋಯ್ತು ಅಂತ ನೆನಪಿಗೆ ಒಂದು ಕಾಗದ ಬರೆದಿಡೋಣ. ಅದಕ್ಕೆ ರಿಜಿಸ್ಟ್ರೇಷನ್ ಬೇಡ. ಭಾಗ ಮಾಡೋದೇ ಆ ಕಾಗದ ಅಂದ್ರೆ ಛಾಪಾ, ರಿಜಿಸ್ಟ್ರಿ ಎಲ್ಲ ಬೇಕು, ಇಲ್ದಿದ್ರೆ ಕೋರ್ಟು ಅದನ್ನ ಭಾಗಪತ್ರ ಅಂತ ಓದೋದೂ ಇಲ್ಲ."

ಅವರು ಹೋದ ಮೇಲೆ ನಾನು ಸುಮ್ಮನಿರಬೇಕಿತ್ತು. ಆದರೆ ನನ್ನ ಮಿಲ್ಲಿನಣ್ಣನ ಕೇಸು. ರಾತ್ರೋರಾತ್ರಿ ಒಂದು ಕರಡು ಬರೆದು, ಬೆಳಗ್ಗೆ ಸೀನಿಯರ್ ಮೇಜಿನ ಮೇಲಿಟ್ಟೆ. ನಾಲ್ಕು ಪುಟ, ಒಂದೂ ಚಿತ್ತಿಲ್ಲ. ಅದರಲ್ಲಿ ನನಗೆ ತುಂಬ ಹೆಮ್ಮೆ ಇದ್ದ ಸಾಲು ಇದು: "ಸದರಿಯವರಿಗೆ ಸ್ವತ್ತಿನಲ್ಲಿ ಯಾವುದೇ ಹಕ್ಕು ಇಲ್ಲದಿದ್ದರೂ, ಅವರ ಮೇಲಿನ ಪ್ರೀತಿ ವಿಶ್ವಾಸದಿಂದ ನಾವುಗಳು ಹಿಟ್ಟಿನ ಮಿಲ್ಲನ್ನು ಅವರಿಗೆ ಕೊಟ್ಟಿರುತ್ತೇವೆ." ಬರೆಯುವಾಗ ನನಗೇ ಕಣ್ಣು ತುಂಬಿತ್ತು.

ಸೀನಿಯರ್ ಓದಿ, ಕೆಂಪು ಪೆನ್ನಿನಿಂದ ಆ ಸಾಲನ್ನು ಎರಡು ಸಲ ಹೊಡೆದರು.

"ಏನಮ್ಮ ಇದು? ಹಕ್ಕಿಲ್ಲ ಅಂತ ನೀನೇ ಬರೆದೆ, ಕೊಟ್ಟಿದೀವಿ ಅಂತಾನೂ ಬರೆದೆ. ಇದು ದಾನ. ದಾನಪತ್ರ ಅಂದ್ರೆ ರಿಜಿಸ್ಟರ್ ಆಗ್ಲೇಬೇಕು, ಬಾಯಿ ಮಾತಿನ ದಾನ ನಡೆಯಲ್ಲ. ಈ ಕಾಗದ ಕೋರ್ಟಿಗೆ ಹೋದ ದಿನ ನಿನ್ನ ಪ್ರೀತಿ ವಿಶ್ವಾಸಾನೇ ಅವರ ಕುತ್ತಿಗೆಗೆ ಬರುತ್ತೆ."

"ಮತ್ತೆ ಏನು ಬರೀಬೇಕು ಸಾರ್?"

"ಅವರು ಹಕ್ಕು ಕೇಳಿದ್ರು, ಉಳಿದೋರಿಗೆ ಅನುಮಾನ ಇತ್ತು, ಕೂತು ಬಗೆಹರಿಸ್ಕೊಂಡ್ರು, ಅಂತ."

"ಅವ್ರು ಕೇಳೇ ಇಲ್ವಲ್ಲ."

"ಹೌದು," ಎಂದರು ಅವರು, ಮೊದಲ ಸಲ ಚಿಂತೆಯಿಂದ. "ಅದೇ ಕಷ್ಟ. ಕೇಳದೆ ಇರೋದನ್ನ ಕೇಳಿದ್ರು ಅಂತ ಬರೆಯೋ ಕೈ ಅಲ್ಲ ನಂದು."

ಮುಂದಿನ ಭಾನುವಾರ ನಾವಿಬ್ಬರೂ ಅವರ ಮನೆಗೆ ಹೋದೆವು. ಮಿಲ್ಲಿಗೆ ಆ ದಿನ ರಜ. ಹಿಟ್ಟಿನ ವಾಸನೆಯ ನಡುಮನೆಯಲ್ಲಿ ಚಾಪೆ ಹಾಸಿದ್ದರು. ಪಂಚರಾಗಿ ಎದುರು ಮನೆಯ ಸಾಹೇಬರನ್ನು ಕರೆದಿದ್ದರು. ಶಿವಾಜಿನಗರದಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದ ವೃದ್ಧರು, ತೀರಿಹೋದ ಯಜಮಾನರ ಜೊತೆ ನಲವತ್ತು ವರ್ಷ ಜಗುಲಿ ಹಂಚಿಕೊಂಡವರು. ಗೋಡೆಯ ಮೇಲೆ ಯಜಮಾನರ ಫೋಟೋ, ಹೊಸ ಹಾರ.

ಎಲ್ಲವೂ ನನಗೆ ಸಂಕಟವಾಗುವಷ್ಟು ಸಲೀಸಾಗಿ ನಡೆಯಿತು. ಮನೆ ತಮ್ಮನಿಗೆ, ಕೊನೆಯತನಕ ತಾಯಿ ಅಲ್ಲೇ ಇರುವುದು. ಸೈಟು ತಂಗಿಗೆ. ಮನೆಗಿಂತ ಅದರ ಬೆಲೆ ಕಡಿಮೆಯಮ್ಮ, ನಿನಗೂ ಸಮ ಪಾಲಿದೆ, ತಿಳಿದು ಒಪ್ಪುತ್ತಿದ್ದೀಯಾ ಎಂದು ಸೀನಿಯರ್ ಎರಡೆರಡು ಸಲ ಕೇಳಿದರು. ತಿಳಿದೇ ಒಪ್ಪುತ್ತಿದ್ದೇನೆ, ಅದು ನನ್ನ ಮನೆಯ ಹಿಂದಿನ ಬೀದಿ ಎಂದಳು. ಮಿಲ್ಲು ಮತ್ತು ಅದರ ಹಿಂದಿನ ಎರಡು ಕೋಣೆ ಮಿಲ್ಲಿನಣ್ಣನಿಗೆ.

"ನೀವು ಹೇಳಿ," ಎಂದು ಸೀನಿಯರ್ ಅವರತ್ತ ತಿರುಗಿದರು. "ಮಗ ಅಂತ ನಿಮ್ಮ ಹಕ್ಕು ಕೇಳ್ತೀರಾ?"

"ನಾನು ಯಾಕೆ ಕೇಳ್ಲಿ ಸಾರ್? ಅವ್ರೇ ಕೊಡ್ತಾ ಇದಾರಲ್ಲ. ಆಯ್ತು ಬಿಡಿ."

"ಕೇಳ್ದೆ ಇದ್ರೆ ಇದು ದಾನ ಆಗುತ್ತೆ."

"ದಾನ ಅಂತಾನೇ ಬರೀರಿ. ರಿಜಿಸ್ಟರ್ ಮಾಡ್ಸೋಣ. ಉಂಡ ಮನೇಲಿ ಕೂತ್ಕೊಂಡು ಹಕ್ಕು ಕೇಳೋಕೆ ನನ್ನ ಕೈಲಿ ಆಗಲ್ಲ."

ಹಾಗೆ ಮಾಡಬಹುದಿತ್ತು. ಮೂವರೂ ಸೇರಿ ದಾನಪತ್ರ ಬರೆದು ನೋಂದಣಿ ಮಾಡಿಸಿದರೆ ಮಿಲ್ಲು ಅವರದಾಗುತ್ತಿತ್ತು, ಕಾನೂನಿಗೆ ಅಡ್ಡಿಯಿರಲಿಲ್ಲ. ಆದರೆ ಅಲ್ಲಿಯವರೆಗೆ ಬಾಗಿಲಿಗೆ ಒರಗಿ ಸುಮ್ಮನೆ ಕೂತಿದ್ದ ತಾಯಿ ಎದ್ದು ನಿಂತರು.

"ಮಗನಿಗೆ ಯಾರಾದ್ರೂ ದಾನ ಕೊಡ್ತಾರೇನೋ? ನಾನು ಅದಕ್ಕೆ ಹೆಬ್ಬೆಟ್ಟು ಒತ್ತಲ್ಲ."

ಸಾಹೇಬರು ಗಡ್ಡ ನೀವಿಕೊಂಡು, "ಅರೆ ಬೇಟಾ, ಮಗೂ ಅತ್ರೆ ತಾನೇ ತಾಯಿ ಹಾಲು ಕೊಡೋದು? ಕೇಳಪ್ಪ ಒಂದ್ಸಲ," ಎಂದರು. ಮಿಲ್ಲಿನಣ್ಣ ನಕ್ಕರು, ಅಷ್ಟೇ. ಮುಂದಿನ ಭಾನುವಾರ ಮತ್ತೆ ಸೇರೋಣ ಎಂದು ಸೀನಿಯರ್ ಎದ್ದರು. ಪ್ರಪಂಚದಲ್ಲಿ ಹಕ್ಕಿಲ್ಲದವರು ಹಕ್ಕು ಕೇಳಿ ನಮ್ಮ ಮೆಟ್ಟಿಲು ಸವೆಸುತ್ತಿದ್ದರು. ಇಲ್ಲಿ ಒಬ್ಬ ಮನುಷ್ಯನಿಗೆ ಕೇಳು ಕೇಳು ಎಂದು ಎಲ್ಲರೂ ಸೇರಿ ಗೋಗರೆಯಬೇಕು.

ಆ ವಾರ ನನಗೆ ತಡೆಯಲಾಗಲಿಲ್ಲ. ಅಮ್ಮ ರಾಗಿ ಹಿಟ್ಟು ಇನ್ನೂ ಇದೆ ಎಂದರೂ ಡಬ್ಬಕ್ಕೆ ರಾಗಿ ತುಂಬಿಕೊಂಡು ಮಿಲ್ಲಿಗೆ ಹೋದೆ. ಬೆಲ್ಟಿನ ಸದ್ದಿನಲ್ಲಿ ಕಿರುಚಿ ಮಾತಾಡಬೇಕಾಗಿತ್ತು. ಕಿರುಚುವುದು ನನಗೇನೂ ಕಷ್ಟವಾಗಲಿಲ್ಲ.

"ಅಣ್ಣಾ, ನಿಮಗೆ ನಿಜವಾಗ್ಲೂ ಏನೂ ಬೇಡ್ವಾ? ನಿಮ್ಮ ಮಗಳಿಗೂ ಬೇಡ್ವಾ?"

ಅವರು ಮಿಷನ್ನು ನಿಲ್ಲಿಸಿದರು. ಸದ್ದು ನಿಂತ ಮೇಲೆ ನನ್ನ ದನಿ ನನಗೇ ಜೋರಾಗಿ ಕೇಳಿಸಿ ನಾಚಿಕೆಯಾಯಿತು. ಅವರು ಜರಡಿಯನ್ನು ಬದಿಗಿಟ್ಟು ನಿಧಾನವಾಗಿ ಹೇಳಿದರು.

"ಒಂದು ಆಸೆ ಇದೆಮ್ಮ. ಆದ್ರೆ ಅದು ಆಸ್ತಿ ಅಲ್ಲ. ನಿಮ್ಮ ಕಾಗದಕ್ಕೆ ಸೇರಲ್ಲ."

"ಸೇರುತ್ತೋ ಇಲ್ವೋ ನಾವು ನೋಡ್ಕೋತೀವಿ. ಏನದು?"

"ಅಪ್ಪ ಹೋದಾಗ ನಾನೂ ತಲೆ ಬೋಳಿಸ್ಕೋತೀನಿ ಅಂತ ಹೋದೆ. ನೀನು ಬೇಡ, ಮಗ ಒಬ್ಬ ಮಾಡಿದ್ರೆ ಸಾಕು ಅಂದ್ರು ಯಾರೋ ನೆಂಟ್ರು. ಆಯ್ತು ಬಿಡಿ ಅಂದೆ." ಅಷ್ಟು ಹೇಳಿ ನನ್ನ ಡಬ್ಬ ತುಂಬಿ ಕೊಟ್ಟರು. ಹಿಟ್ಟು ಇನ್ನೂ ಬಿಸಿಯಿತ್ತು.

"ಆ ಆಸೆ ಏನೋ ಅದನ್ನ ಭಾನುವಾರ ಬಾಯಿ ಬಿಟ್ಟು ಹೇಳಿ," ಎಂದೆ. "ಹೇಳದೆ ಇದ್ರೆ ಇನ್ನು ನಿಮ್ಮ ಮಿಲ್ಲಿಗೆ ಕಾಲಿಡಲ್ಲ." ನನ್ನ ಬೆದರಿಕೆಗೆ ಅವರು ಹೆದರಿದಂತೆ ಕಾಣಲಿಲ್ಲ.

ಎರಡನೇ ಭಾನುವಾರ ಅದೇ ಚಾಪೆ, ಅದೇ ಜನ. ಸೀನಿಯರ್ ಅದೇ ಪ್ರಶ್ನೆ ಕೇಳಿದರು. ಮಿಲ್ಲಿನಣ್ಣ ನನ್ನ ಕಡೆ ಒಮ್ಮೆ ನೋಡಿ, ಫೋಟೋ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡರು.

"ಒಂದು ಕೇಳ್ತೀನಿ ಸಾರ್. ಮಾರ್ನಮಿ ಅಮಾವಾಸ್ಯೆಗೆ ಅಪ್ಪನಿಗೆ ಎಡೆ ಇಡ್ತೀವಲ್ಲ. ಅದನ್ನ ಒಂದೊಂದ್ ವರ್ಷ ನನ್ನ ಭಾಗದಲ್ಲಿ, ನನ್ನ ಕೈಯಿಂದ ಇಡ್ಬೇಕು. ಬೇರೆ ಏನ್ ಕೊಟ್ರೂ ಬಿಟ್ರೂ ಆಯ್ತು. ಇದು ಮಾತ್ರ ನನಗೆ ಬೇಕು."

ಮಿಲ್ಲು ತಗೋ, ಕೋಣೆ ತಗೋ ಎಂದು ಎರಡು ವಾರದಿಂದ ಧಾರಾಳವಾಗಿದ್ದ ತಮ್ಮನ ಮುಖ ಬಿಗಿಯಿತು. ಪಂಚೆಯ ಅಂಚನ್ನು ಹೊಸೆಯುತ್ತಾ ಹೇಳಿದರು:

"ಅದು ಹೆಂಗಾಗುತ್ತೆ? ಎಡೆ ಮಗ ಇಡೋದು."

ಹೇಳಿದ ಮೇಲೆ ಅವರಿಗೇ ಕೇಳಿಸಿತು. ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೂವತ್ತಾರು ವರ್ಷ ಆ ಮನೆಯಲ್ಲಿ ಯಾರೂ ಆಡದ ಮಾತು ಚಾಪೆಯ ಮೇಲೆ ಬಿದ್ದಿತ್ತು. ನನಗೆ ಎದ್ದು ಆ ಮನುಷ್ಯನಿಗೆ ನಾಲ್ಕು ಅನ್ನಬೇಕೆನಿಸಿತು. ಸೀನಿಯರ್ ನನ್ನ ಕಡೆ ಕಣ್ಣಲ್ಲೇ ಗದರಿದರು.

ಮಿಲ್ಲಿನಣ್ಣ ಈ ಸಲ ಆಯ್ತು ಬಿಡಿ ಎನ್ನಲಿಲ್ಲ. ತಮ್ಮನ ಕಡೆ ತಿರುಗಿ ಕೂತರು.

"ನಾನೂ ಮಗಾನೇ ಕಣೋ. ನಿನಗಿಂತ ಮುಂಚೆ ಬಂದಿದೀನಿ."

ಆಗ ಸೀನಿಯರ್ ಬಾಯಿ ತೆರೆದರು. "ನೋಡಿ, ಈಗ ವಿಷಯ ಎದುರಿಗೆ ಬಂತು. ಇವ್ರು ಮಗ ಅಂತ ಹಕ್ಕು ಕೇಳ್ತಾ ಇದಾರೆ. ನಿಮಗೆ ಒಪ್ಪಿಗೆ ಇಲ್ಲ ಅಂದ್ರೆ ಕೋರ್ಟಿದೆ, ಬಾಗ್ಲಲ್ಲಿ ನಿಂತಿದ್ದೋನು ಕೊಟ್ನೋ ಬಿಟ್ನೋ ಅಂತ ಅಲ್ಲಿ ತೀರ್ಮಾನ ಆಗ್ಲಿ. ಒಪ್ಪಿಗೆ ಇದ್ರೆ ಎಡೇನೂ ಒಪ್ಬೇಕು, ಪಾಲೂ ಒಪ್ಬೇಕು. ಮಿಲ್ಲಿಗೆ ಮಗ, ಎಡೆಗೆ ಅಲ್ಲ ಅಂತ ಇಲ್ಲ. ಆತುರ ಬೇಡ. ಯೋಚನೆ ಮಾಡಿ."

ತಮ್ಮ ಎದ್ದು ಹಿತ್ತಲಿಗೆ ಹೋದರು. ನಲ್ಲಿ ಬಿಟ್ಟು ಮುಖ ತೊಳೆದ ಸದ್ದು ಕೇಳಿಸಿತು. ತಾಯಿ ಹಿಂದೆ ಹೋಗಲಿಲ್ಲ, ಕೂತಲ್ಲಿಂದಲೇ, ಯಾರಿಗೋ ಹೇಳುವ ಹಾಗೆ ಹೇಳಿದರು. "ನೀನು ಹುಟ್ಟಿದ್ ದಿನ ನಿಮ್ಮಪ್ಪ ಇವನನ್ನ ಹೆಗಲ ಮೇಲೆ ಕೂರಿಸ್ಕೊಂಡು ಬೀದಿಗೆಲ್ಲ ಸಕ್ಕರೆ ಹಂಚಿದ್ರು. ನನ್ನ ದೊಡ್ಡ ಮಗನಿಗೆ ತಮ್ಮ ಹುಟ್ಟಿದ ಅಂತ."

"ನಾನೂ ತಿಂದಿದೀನಿ ಆ ಸಕ್ಕರೆ," ಎಂದರು ಸಾಹೇಬರು.

ಮಾತು ಹಿತ್ತಲಿಗೆ ಮುಟ್ಟಿತ್ತು. ತಮ್ಮ ಒದ್ದೆ ಮುಖದಲ್ಲೇ ಬಂದು, ಅಣ್ಣನ ಪಕ್ಕದಲ್ಲಿ ಕೂತರು. ಅವರ ಮುಖ ನೋಡದೆ, ಚಾಪೆಗೆ ಹೇಳಿದರು. "ಒಂದು ವರ್ಷ ನಿಂದು, ಒಂದು ವರ್ಷ ನಂದು. ಮೊದಲ್ನೇದು ನಿಂದೇ ಇರ್ಲಿ. ದೊಡ್ಡೋನು ನೀನು."

ಆ ಕ್ಷಣ ನಾನು ಅತ್ತೆ. ವಕೀಲೆ ಅಳಬಾರದು ಎಂದು ಸೀನಿಯರ್ ಆಮೇಲೆ ಮೆಟ್ಟಿಲಲ್ಲಿ ಹೇಳಿದರು, ತಮ್ಮ ಕನ್ನಡಕ ಒರೆಸಿಕೊಳ್ಳುತ್ತಾ. ಎಲ್ಲರ ಕೈಗೂ ತಾಯಿ ಎಲೆ ಅಡಿಕೆ ಕೊಟ್ಟರು. ಆ ಎಲೆ ಅಡಿಕೆಯ ಹೊತ್ತಿಗೇ ಭಾಗ ಆಗಿಹೋಗಿತ್ತು, ಕಾಗದ ಇನ್ನೂ ಹುಟ್ಟಿರಲಿಲ್ಲ.

ಒಂದೂವರೆ ತಿಂಗಳು ಕಳೆದ ಮೇಲೆ ಅವರು ಮತ್ತೆ ಬಂದರು. ಅಷ್ಟರಲ್ಲಿ ಮಿಲ್ಲಿನಣ್ಣ ಹೆಂಡತಿ ಮಗಳೊಂದಿಗೆ ಹಿಂದಿನ ಕೋಣೆಗಳಿಗೆ ಹೋಗಿ ಹಾಲುಕ್ಕಿಸಿದ್ದರು, ಕರೆಂಟಿನ ಮೀಟರು ಬೇರೆಯಾಗಿತ್ತು, ತಂಗಿ ಸೈಟಿಗೆ ಬೇಲಿ ಹಾಕಿಸಿದ್ದಳು. ಈ ಸಲ ಕರಡು ಬರೆಯುವಾಗ ನಾನು ಅಲಂಕಾರಕ್ಕೆ ಹೋಗಲಿಲ್ಲ. ಯಾರು ಯಾರು, ಯಾವ ಸ್ವತ್ತು, ಗಡಿ ಯಾವುದು, ಯಾವ ದಿನ ಯಾರ ಮುಂದೆ ಮಾತಾಯಿತು. ಆಮೇಲೆ ಅದೇ ಹಳೆಯ ಸಾಲಿನ ಜಾಗದಲ್ಲಿ: "ಸದರಿಯವರು ತಾವು ಮೃತರ ಮಗನೆಂದು ಹಕ್ಕು ಕೇಳಿದ್ದು, ಆ ಬಗ್ಗೆ ಕುಟುಂಬದಲ್ಲಿ ಭಿನ್ನಾಭಿಪ್ರಾಯ ಬಂದು, ಪಂಚರ ಸಮಕ್ಷಮ ಎಲ್ಲರೂ ಸ್ವಂತ ಇಚ್ಛೆಯಿಂದ ಅದನ್ನು ಬಗೆಹರಿಸಿಕೊಂಡು, ಅವರ ಹಕ್ಕನ್ನು ಒಪ್ಪಿ, ಅಂದಿನಿಂದ ಅವರವರ ಭಾಗದ ಸ್ವಾಧೀನದಲ್ಲಿರುತ್ತಾರೆ. ಅದರ ನೆನಪಿಗಾಗಿ ಮಾತ್ರ ಇದನ್ನು ಬರೆದಿಟ್ಟಿರುತ್ತದೆ." ಕೊನೆಯಲ್ಲಿ ಎಡೆಯ ಸರದಿ. ಇದು ಬೇಕೇ ಸಾರ್ ಎಂದು ನಾನು ಕೇಳಿದೆ. ಅದನ್ನ ಬಿಟ್ಟರೆ ಉಳಿದದ್ದು ಬರೀ ಇಟ್ಟಿಗೆ ಎಂದರು.

ಅವರು ಓದಿದರು. ಒಂದು ಅಲ್ಪವಿರಾಮ ಮಾತ್ರ ಹೊಡೆದರು, ಅಭ್ಯಾಸಕ್ಕೆ.

ಎಲ್ಲರೂ ಪ್ರತಿ ಪುಟಕ್ಕೂ ಸಹಿ ಹಾಕಿದರು. ತಾಯಿ ಹೆಬ್ಬೆಟ್ಟು ಒತ್ತಿದರು, ಸಾಹೇಬರು ಸಾಕ್ಷಿಯಾಗಿ ಉರ್ದುವಿನಲ್ಲಿ ಸಹಿ ಮಾಡಿದರು. ಮಿಲ್ಲಿನಣ್ಣ ಸಹಿ ಹಾಕುವ ಮುನ್ನ ಒಂದು ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿಕೊಂಡರು, ತುಟಿ ಅಲ್ಲಾಡಿಸುತ್ತಾ. ಯಾವ ಸಾಲು ಎಂದು ನಾನು ಬಗ್ಗಿ ನೋಡಲಿಲ್ಲ. ಆ ವರ್ಷದ ಅಮಾವಾಸ್ಯೆಗೆ ನನ್ನನ್ನೂ ಸೀನಿಯರನ್ನೂ ಊಟಕ್ಕೆ ಕರೆದರು. ಹುರುಳಿಕಾಳಿನ ಬಸ್ಸಾರು, ಮುದ್ದೆ, ಯಜಮಾನರಿಗೆ ಇಷ್ಟವಾದ ಮೆಣಸಿನಕಾಯಿ ಬೋಂಡ. ತಮ್ಮ ಓಡಾಡಿಕೊಂಡು ಬಡಿಸುತ್ತಿದ್ದರು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕಾಗದದ ಗಟ್ಟಿತನ ಗೊತ್ತಾಗುವುದು ಅದನ್ನು ಬರೆದ ದಿನವಲ್ಲ.

ಹತ್ತು ವರ್ಷದ ಮೇಲೆ ನಮ್ಮ ಸೀನಿಯರ್ ಇರಲಿಲ್ಲ. ಅದೇ ಮಹಡಿಯಲ್ಲಿ ಅವರ ಮೇಜಿನ ಹಿಂದೆ ನಾನು ಕೂತಿದ್ದೆ. ಮಿಲ್ಲಿನ ಮನೆಯ ತಾಯಿ ಹೋಗಿದ್ದರು, ಸಾಹೇಬರೂ ಹೋಗಿದ್ದರು. ತಮ್ಮನೂ ಎದೆನೋವಿನಿಂದ ಇದ್ದಕ್ಕಿದ್ದಂತೆ ತೀರಿಕೊಂಡು ಎರಡು ವರ್ಷವಾಗಿತ್ತು. ರಸ್ತೆಯಲ್ಲಿ ಮೆಟ್ರೊ ಬರುತ್ತದೆ ಎಂದು ಅಗೆಯುತ್ತಿದ್ದರು, ಹಲಸೂರಿನಲ್ಲಿ ಜಾಗದ ಬೆಲೆ ಕೇಳಿದವರಿಗೆ ತಲೆ ತಿರುಗುತ್ತಿತ್ತು. ಒಂದು ಮಧ್ಯಾಹ್ನ ತಮ್ಮನ ಮಗ ಬಂದ. ಕಾರಿನ ಶೋರೂಮಿನಲ್ಲಿ ಕೆಲಸ, ಇಸ್ತ್ರಿ ಮಾಡಿದ ಅಂಗಿ, ಅಪ್ಪನದೇ ಗಟ್ಟಿ ದನಿ. ಕೈಯಲ್ಲಿ ಆ ಕಾಗದದ ಜೆರಾಕ್ಸು.

"ಮೇಡಂ, ಇದು ನೀವೇ ಬರ್ದಿದ್ದಂತೆ. ರಿಜಿಸ್ಟರ್ ಆಗಿಲ್ಲ, ಅಡಾಪ್ಷನ್‌ಗೆ ಪ್ರೂಫ್ ಇಲ್ಲ. ಫ್ರೆಂಡ್ಸ್ ಎಲ್ಲ ಹೇಳ್ತಾರೆ, ಕೇಸ್ ಹಾಕಿದ್ರೆ ಮಿಲ್ ಜಾಗ ವಾಪಸ್ ಬರುತ್ತೆ ಅಂತ. ಮುಂದಿನ ಜಾಗ ಸೇರಿದ್ರೆ ಬಿಲ್ಡರ್ ತಗೋತಾನೆ, ಹಿಂದಿಂದು ಒಂದೇ ಆದ್ರೆ ಬೇಡ ಅಂತಾನೆ."

ಕೋಪ ನೆತ್ತಿಗೇರಿತು. ಆದರೆ ಸೀನಿಯರ್ ಮೇಜಿನ ಹಿಂದೆ ಕೂತಿದ್ದೆ, ಅದಕ್ಕೆ "ಕಾಫಿನಾ ಟೀನಾ" ಎಂದೆ. ಕಾಫಿ ಬಂದ ಮೇಲೆ ಹೇಳಿದೆ.

"ನಿನ್ನ ಕೇಸು ನಾನು ತಗೊಳೋಕಾಗಲ್ಲ ಕಣಪ್ಪ, ಬರೆದವಳು ನಾನೇ. ಬೇರೆ ವಕೀಲರ ಹತ್ರ ಹೋಗು, ಅದು ನಿನ್ನ ಹಕ್ಕು. ಆದ್ರೆ ಅವ್ರು ಏನು ಕೇಳ್ತಾರೆ ಅಂತ ಹೇಳ್ತೀನಿ. ಈ ಕಾಗದ ಭಾಗ ಮಾಡಿಲ್ಲ, ಆಗಿದ್ದ ಭಾಗಾನ ಬರೆದಿಟ್ಟಿದೆ. ನಿಮ್ಮಪ್ಪ ಇದಕ್ಕೆ ಸಹಿ ಹಾಕಿ ಮನೆ ಪೂರ್ತಿ ತಗೊಂಡ್ರು, ಖಾತೆ ಮಾಡಿಸ್ಕೊಂಡ್ರು. ನಿನಗೆ ಬಂದಿರೋದು ಅವ್ರಿಂದ. ಅವ್ರು ತಿರುಗಿ ಬೀಳೋ ಹಾಗಿರ್ಲಿಲ್ಲ, ಅವರ ಜಾಗದಲ್ಲಿ ನಿಂತು ನೀನೂ ಬೀಳೋ ಹಾಗಿಲ್ಲ. ಇನ್ನು ದತ್ತು. ದತ್ತು ಅಂತ ಇಲ್ಲಿ ಎಲ್ಲೂ ಬರೆದಿಲ್ಲ. ಅನುಮಾನ ಇತ್ತು, ಒಪ್ಕೊಂಡ್ರು ಅಂತ ಬರೆದಿದೆ. ಕೋರ್ಟು ಕೇಳೋದು ಒಂದೇ, ಎಲ್ಲರೂ ಇದರ ಪ್ರಕಾರ ನಡ್ಕೊಂಡ್ರಾ ಅಂತ."

"ಅದನ್ನ ಹೆಂಗೆ ಪ್ರೂವ್ ಮಾಡ್ತಾರೆ ಮೇಡಂ?" ಎಂದ ಅವನು, ಸೋಲೊಪ್ಪದೆ.

ನಾನು ಜೆರಾಕ್ಸಿನ ಕೊನೆಯ ಪುಟ ತಿರುಗಿಸಿ, ಎಡೆಯ ಸರದಿ ಬರೆದಿದ್ದ ಕೊನೆಯ ಕಲಮಿನ ಮೇಲೆ ಬೆರಳಿಟ್ಟು ಅವನ ಮುಂದೆ ಸರಿಸಿದೆ. ಅವನು ಅಲ್ಲಿಯವರೆಗೆ ಆ ಪುಟ ಓದಿಯೇ ಇರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಹೋದ ಮಾರ್ನಮಿ ಅಮಾವಾಸ್ಯೆ ತಾತನ ಜೊತೆ ನಿಮ್ಮಪ್ಪನಿಗೂ ಎಡೆ ಎಲ್ಲಿಟ್ರಿ?" ಎಂದು ಕೇಳಿದೆ.

ಕೆಳಗೆ ಪಾತ್ರೆ ಅಂಗಡಿಯಲ್ಲಿ ಯಾರೋ ಕೊಡ ಬಡಿದು ನೋಡುತ್ತಿದ್ದರು.

"ದೊಡ್ಡಪ್ಪನ ಮನೇಲಿ," ಎಂದ. ಹೇಳಿ, ಜೆರಾಕ್ಸನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. ಕಾಫಿ ಕುಡಿದು ಹೋದ.